330 ವಾಟ್ ಪ್ಯಾನೆಲ್, 12 ವೋಲ್ಟ್ ಬ್ಯಾಟರಿ: ಲೇಬಲ್ ಪೂರ್ತಿ ಓದದೆ ಮುಂಗಡ ಕೊಡಬೇಡಿ

ಮನೆಯಲ್ಲಿ ಈಗಾಗಲೇ ಇರುವ ಒಂದೇ ಬ್ಯಾಟರಿಯ ಇನ್ವರ್ಟರ್‌ಗೆ ಸೋಲಾರ್ ಪ್ಯಾನೆಲ್ ಸೇರಿಸಬೇಕೆಂದು ಯೋಚಿಸುತ್ತಿರುವವರು, ಅಂಗಡಿಯವರು ಮೊಬೈಲಿಗೆ ಕಳುಹಿಸುವ ಲೇಬಲ್ಲಿನ ಫೋಟೊದಲ್ಲಿ ವಾಟ್ ಎಷ್ಟೆಂದು ಮಾತ್ರ ನೋಡಿ ಮುಂಗಡ ಕೊಡಬಾರದು ಎಂದು ತಿಳಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಶಿರಸಿ ತಾಲೂಕಿನ ಹುಲೇಕಲ್ ಕಡೆಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಹೀಗೆ ಕೂರಿಸಿದ 330 ವಾಟಿನ ಪ್ಯಾನೆಲ್‌ನಿಂದಾಗಿ, ಚೆನ್ನಾಗಿದ್ದ ಬ್ಯಾಟರಿಯೊಂದು ಮಳೆಗಾಲ ಬರುವ ಮೊದಲೇ ಸೊರಗಿಹೋಯಿತು. ಪ್ಯಾನೆಲ್ ಕಳಪೆಯದಾಗಿರಲಿಲ್ಲ, ಬ್ಯಾಟರಿಯೂ ಕಳಪೆಯದಾಗಿರಲಿಲ್ಲ. ನಡುವೆ ಹಾಕಿದ ಚಾರ್ಜ್ ಕಂಟ್ರೋಲರ್ ಆ ಎರಡನ್ನೂ ಹೊಂದಿಸುವ ಜಾತಿಯದಾಗಿರಲಿಲ್ಲ.

ಅಲ್ಲಿ ಮೊದಲಿನಿಂದಲೂ 12 ವೋಲ್ಟಿನ ಇನ್ವರ್ಟರ್ ಮತ್ತು 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ ಇವೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ತುಂಡಾದರೆ ಕರೆಂಟು ಬರುವುದಕ್ಕೆ ದಿನಗಳೇ ಹಿಡಿಯುವುದುಂಟು, ಆದ್ದರಿಂದ ಬಿಸಿಲು ಕಂಡಷ್ಟು ಹೊತ್ತಾದರೂ ಬ್ಯಾಟರಿ ತುಂಬಲಿ ಎಂಬುದು ಭಾವನವರ ಆಲೋಚನೆಯಾಗಿತ್ತು. ಅಂಗಡಿಯವರು ಪ್ಯಾನೆಲ್‌ನ ಹಿಂಬದಿಯ ಲೇಬಲ್ಲಿನ ಫೋಟೊ ಕಳುಹಿಸಿದರು. ಓರೆಯಾಗಿ ತೆಗೆದ ಆ ಫೋಟೊದಲ್ಲಿ ಮೇಲಿನ ಸಾಲಿನ 330 ವಾಟ್ ಮಾತ್ರ ಸ್ಪಷ್ಟವಾಗಿತ್ತು. ಕೆಳಗಿನ ಸಾಲುಗಳ ಮೇಲೆ ಫೋಟೊ ತೆಗೆದವರ ಕೈಯ ನೆರಳು ಬಿದ್ದಿತ್ತು. ಭಾವನವರು ಬ್ಯಾಟರಿಯ ಲೇಬಲ್ಲಿನ ಫೋಟೊವನ್ನೂ ಅವರಿಗೆ ಕಳುಹಿಸಿ, ಇದಕ್ಕೆ ಇದು ಸಾಕಾಗುತ್ತದೆಯೇ ಎಂದು ಸ್ಪಷ್ಟವಾಗಿ ಕೇಳಿದ್ದರು. ‘ಧಾರಾಳ ಸಾಕು ಹೆಗಡೇರೆ, ಮಧ್ಯಾಹ್ನದೊಳಗೆ ಫುಲ್ ಆಗ್ತದೆ’ ಎಂಬ ಉತ್ತರ ಬಂದಿತ್ತು.

ಹಾಗೆ ಆಗಲಿಲ್ಲ. ಮಾರ್ಚ್ ತಿಂಗಳ ನಿಚ್ಚಳ ಬಿಸಿಲಿನಲ್ಲಿಯೂ ಸಂಜೆಯ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಮೇಲೆ ಏರುತ್ತಿರಲಿಲ್ಲ. ಸೋಲಾರ್ ಬಂದ ಮೇಲೆ ಕರೆಂಟಿನ ಚಾರ್ಜಿಂಗ್ ಏಕೆಂದು ಅಂಗಡಿಯವರೇ ಅದನ್ನು ಬಂದ್ ಮಾಡಿಸಿದ್ದರಿಂದ ಬ್ಯಾಟರಿ ವಾರಗಟ್ಟಲೆ ಅರೆತುಂಬಿದ ಸ್ಥಿತಿಯಲ್ಲಿಯೇ ಉಳಿಯಿತು. ನಾನು ಹೋದಾಗ ಹೈಡ್ರೋಮೀಟರ್ ಹಾಕಿ ನೋಡಿದೆ. ಪೂರ್ತಿ ತುಂಬಿದ ಟ್ಯೂಬುಲರ್ ಬ್ಯಾಟರಿಯಲ್ಲಿ ಆಸಿಡ್‌ನ ಸಾಂದ್ರತೆ ಸಾಮಾನ್ಯವಾಗಿ 1.240ರ ಆಸುಪಾಸಿನಲ್ಲಿರಬೇಕು, ಅಲ್ಲಿ ಸಂಜೆ ನಾಲ್ಕು ಗಂಟೆಗೂ ಅದು 1.160 ದಾಟಿರಲಿಲ್ಲ.

ಆಮೇಲೆ ಏಣಿ ಹಾಕಿ ತಾರಸಿಗೆ ಹತ್ತಿ, ಪ್ಯಾನೆಲ್ ಮತ್ತು ಸ್ಟ್ಯಾಂಡಿನ ನಡುವೆ ಮೊಬೈಲ್ ತೂರಿಸಿ, ಲೇಬಲ್ಲಿಗೆ ನೇರವಾಗಿ ಹಿಡಿದು ಫೋಟೊ ತೆಗೆದೆ. ನೆರಳಿನಲ್ಲಿ ಮುಚ್ಚಿಹೋಗಿದ್ದ ಸಾಲುಗಳು ಹೀಗಿದ್ದವು:

```
Pmax   330 W
Vmp    37.8 V
Imp    8.73 A
Voc    46.2 V
Isc    9.2 A
```

ಇಲ್ಲಿ ಮುಖ್ಯವಾದದ್ದು ಎರಡನೆಯ ಮತ್ತು ಮೂರನೆಯ ಸಾಲು. ಈ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ 37.8 ವೋಲ್ಟಿನಲ್ಲಿ ಕೆಲಸ ಮಾಡಿದರೆ 8.73 ಆಂಪಿಯರ್ ಕೊಡುತ್ತದೆ, ಅವೆರಡನ್ನು ಗುಣಿಸಿದಾಗ 330 ವಾಟ್ ಆಗುತ್ತದೆ. ಆದರೆ ಚಾರ್ಜ್ ಆಗುತ್ತಿರುವ 12 ವೋಲ್ಟಿನ ಬ್ಯಾಟರಿ ಇರುವುದು 13 ವೋಲ್ಟಿನ ಸುತ್ತಮುತ್ತ. ಅಕ್ಕನ ಮನೆಯಲ್ಲಿ ಹಾಕಿದ್ದು ಪಿಡಬ್ಲ್ಯೂಎಂ ಜಾತಿಯ ಅಗ್ಗದ ಕಂಟ್ರೋಲರ್. ಅದು ಮೂಲತಃ ಒಂದು ಸ್ವಿಚ್ಚು ಮಾತ್ರ. ಪ್ಯಾನೆಲನ್ನು ನೇರವಾಗಿ ಬ್ಯಾಟರಿಗೆ ಸೇರಿಸುತ್ತದೆ, ಬ್ಯಾಟರಿ ತುಂಬುತ್ತ ಬಂದಾಗ ಬಿಟ್ಟು ಬಿಟ್ಟು ಸೇರಿಸುತ್ತದೆ. ಹಾಗೆ ಸೇರಿದ ಕೂಡಲೇ ಪ್ಯಾನೆಲ್‌ನ ವೋಲ್ಟೇಜ್ ಬ್ಯಾಟರಿಯ ಮಟ್ಟಕ್ಕೆ ಇಳಿಯುತ್ತದೆ, ಕರೆಂಟು ಮಾತ್ರ ಹೆಚ್ಚೆಂದರೆ ಒಂಬತ್ತು ಆಂಪಿಯರ್‌ನಲ್ಲಿಯೇ ನಿಲ್ಲುತ್ತದೆ. 13ನ್ನು 9ರಿಂದ ಗುಣಿಸಿದರೆ 117 ವಾಟ್. 330 ವಾಟಿಗೆ ದುಡ್ಡು ಕೊಟ್ಟು ತಂದದ್ದರಲ್ಲಿ ಬ್ಯಾಟರಿಗೆ ಸಿಕ್ಕಿದ್ದು ಮೂರನೆಯ ಒಂದು ಪಾಲು.

ಇದನ್ನು ಅಳೆದು ಖಚಿತಪಡಿಸಿಕೊಳ್ಳುವುದು ಸುಲಭ. ನಡುಮಧ್ಯಾಹ್ನ ಚಾರ್ಜ್ ಆಗುತ್ತಿರುವಾಗ ಮಲ್ಟಿಮೀಟರ್ ಹಿಡಿದೆ: ಬ್ಯಾಟರಿಯ ತುದಿಗಳಲ್ಲಿ 13.1 ವೋಲ್ಟ್, ಕಂಟ್ರೋಲರ್‌ಗೆ ಪ್ಯಾನೆಲ್‌ನ ತಂತಿ ಸೇರುವಲ್ಲಿ 13.4 ವೋಲ್ಟ್. ಬ್ಯಾಟರಿ ಇನ್ನೂ ತುಂಬಿರದ ಹೊತ್ತಿನಲ್ಲಿ ಪ್ಯಾನೆಲ್ ಕಡೆಯ ವೋಲ್ಟೇಜ್ ಹೀಗೆ ಬ್ಯಾಟರಿಗೆ ಅಂಟಿಕೊಂಡಂತೆ ಕಂಡರೆ, ಕಂಟ್ರೋಲರ್ ಮೇಲೆ ಏನೇ ಬರೆದಿರಲಿ, ಅದು ಪಿಡಬ್ಲ್ಯೂಎಂ ಎಂದೇ ತಿಳಿಯಬೇಕು. ಎಂಪಿಪಿಟಿ ಜಾತಿಯದಾದರೆ ಪ್ಯಾನೆಲನ್ನು ಮೂವತ್ತು ವೋಲ್ಟಿನ ಮೇಲೆಯೇ ದುಡಿಸಿ, ಹೆಚ್ಚಿನ ವೋಲ್ಟೇಜನ್ನು ಕರೆಂಟಾಗಿ ಪರಿವರ್ತಿಸಿ ಬ್ಯಾಟರಿಗೆ ಕೊಡುತ್ತದೆ. ಪ್ಯಾನೆಲ್‌ನಿಂದ ಏಳೆಂಟು ಆಂಪಿಯರ್ ಬರುತ್ತಿದ್ದರೆ ಬ್ಯಾಟರಿಯ ತಂತಿಯಲ್ಲಿ ಇಪ್ಪತ್ತರ ಹತ್ತಿರ ಹರಿಯುತ್ತದೆ. ಇದನ್ನು ವಿಶೇಷವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮಾರುಕಟ್ಟೆಯ ಅಗ್ಗದ ಕಂಟ್ರೋಲರ್‌ಗಳಲ್ಲಿ ಎಂಪಿಪಿಟಿ ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕಿ ಒಳಗೆ ಪಿಡಬ್ಲ್ಯೂಎಂ ಇಟ್ಟವೂ ಇವೆ.

ಈಗ ಮನೆಯ ಬಳಕೆಯ ಲೆಕ್ಕಕ್ಕೆ ಬರೋಣ. ಅಕ್ಕನ ಮನೆಯಲ್ಲಿ ರಾತ್ರಿ ಒಂದು ಫ್ಯಾನು ಮತ್ತು ಕೆಲವು ಎಲ್‌ಇಡಿ ಬಲ್ಬುಗಳು ಸೇರಿ ಸುಮಾರು 120 ವಾಟ್ ಉರಿಯುತ್ತದೆ. ಆರು ಗಂಟೆಗೆ 720 ವಾಟ್ ಅವರ್, ಇನ್ವರ್ಟರ್‌ನೊಳಗಿನ ನಷ್ಟ ಸೇರಿಸಿದರೆ 900 ಎಂದಿಟ್ಟುಕೊಳ್ಳಬಹುದು. ಅದನ್ನು 12ರಿಂದ ಭಾಗಿಸಿದರೆ 75 ಆಂಪಿಯರ್ ಅವರ್, ಅಂದರೆ ಬ್ಯಾಟರಿಯ ಸರಿಯಾಗಿ ಅರ್ಧ. ಖಾಲಿಯಾದಷ್ಟೇ ತುಂಬಿದರೆ ಸಾಲದು, ಚಾರ್ಜಿಂಗ್‌ನಲ್ಲಿಯೂ ಒಂದಿಷ್ಟು ಪೋಲಾಗುವುದರಿಂದ ಮರುದಿನ ಸುಮಾರು 85 ಒಳಗೆ ಹೋಗಬೇಕು. ದಿನದ ಬಿಸಿಲನ್ನು ಪೂರ್ಣ ತೀಕ್ಷ್ಣತೆಯ ನಾಲ್ಕು ಗಂಟೆಗೆ ಸಮವೆಂದು ಹಿಡಿದರೆ, ಒಂಬತ್ತು ಆಂಪಿಯರ್‌ನಂತೆ ಬರುವುದು 36 ಮಾತ್ರ. ಅದೇ ಪ್ಯಾನೆಲ್‌ಗೆ ನಿಜವಾದ ಎಂಪಿಪಿಟಿ ಹಾಕಿದರೆ, ಕಾವಿನ ನಷ್ಟವನ್ನೆಲ್ಲ ಕಳೆದರೂ 80ರ ಹತ್ತಿರ ಸಿಗುತ್ತದೆ. ಇದು ಬೇಸಿಗೆಯ ಲೆಕ್ಕ. ಜುಲೈ ತಿಂಗಳ ಮೋಡದಲ್ಲಿ ಇದರ ಅಲ್ಪಭಾಗವೂ ಬಾರದ ದಿನಗಳಿರುವುದರಿಂದ, ಮಲೆನಾಡಿನ ಮನೆಗಳಲ್ಲಿ ಕರೆಂಟಿನ ಚಾರ್ಜಿಂಗನ್ನು ಬಂದ್ ಮಾಡಿಸುವುದೇ ತಪ್ಪು ಸಲಹೆ.

ಇನ್ನೊಂದು ದಾರಿಯೂ ಇತ್ತು, ಅದನ್ನು ಅಂಗಡಿಯವರು ಹೇಳಲೇ ಇಲ್ಲ. 36 ಸೆಲ್ಲುಗಳಿರುವ, 12 ವೋಲ್ಟಿನ ಬ್ಯಾಟರಿಗೆಂದೇ ಮಾಡಿದ ಪ್ಯಾನೆಲ್‌ಗಳಲ್ಲಿ `Vmp` ಸುಮಾರು 18, ಏನನ್ನೂ ಜೋಡಿಸದೆ ಇದ್ದಾಗಿನ ವೋಲ್ಟೇಜ್ ಆದ `Voc` ಸುಮಾರು 22 ಇರುತ್ತದೆ. ಅಂಥ 165 ವಾಟಿನ ಎರಡನ್ನು ಪ್ಯಾರಲಲ್ ಆಗಿ ಜೋಡಿಸಿದ್ದರೆ, ಒಟ್ಟು ವಾಟ್ ಅಷ್ಟೇ ಆದರೂ, ಅದೇ ಅಗ್ಗದ ಕಂಟ್ರೋಲರ್‌ನಿಂದ 18 ಆಂಪಿಯರ್ ಬರುತ್ತಿತ್ತು. ಫೋಟೊದಲ್ಲಿ ಪ್ಯಾನೆಲ್‌ನ ಮುಂಭಾಗ ಕಂಡರೆ ಇದನ್ನು ಎಣಿಸಿಯೂ ತಿಳಿಯಬಹುದು: ಅಡ್ಡ ನಾಲ್ಕು, ಉದ್ದ ಒಂಬತ್ತು ಚೌಕಗಳಿದ್ದರೆ 36, ಅಡ್ಡ ಆರು, ಉದ್ದ ಹನ್ನೆರಡು ಇದ್ದರೆ 72. ಅರ್ಧ ಕತ್ತರಿಸಿದ ಸೆಲ್ಲುಗಳ ಹೊಸ ಪ್ಯಾನೆಲ್‌ಗಳಲ್ಲಿ ಈ ಎಣಿಕೆ ದುಪ್ಪಟ್ಟಾಗುವುದರಿಂದ ಅಲ್ಲಿ ಲೇಬಲ್ಲನ್ನೇ ನಂಬಬೇಕು.

ಲೇಬಲ್ಲಿನ ಫೋಟೊ ಮಸುಕಾಗಿದ್ದರೆ 3 ಮತ್ತು 8, 1 ಮತ್ತು 4 ಒಂದೇ ರೀತಿ ಕಾಣುತ್ತವೆ. ಆಗ `Vmp` ಮತ್ತು `Imp` ಗುಣಿಸಿ ನೋಡಬೇಕು. ಉತ್ತರ ಮೇಲಿನ ವಾಟಿಗೆ ಹೊಂದದಿದ್ದರೆ ಯಾವುದೋ ಅಂಕಿಯನ್ನು ತಪ್ಪಾಗಿ ಓದಿದ್ದೇವೆ ಎಂದರ್ಥ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಸಣ್ಣದಾಗಿ ಬರುವುದರಿಂದ ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳುವುದು ಒಳ್ಳೆಯದು. ಸೀರಿಯಲ್ ನಂಬರ್ ಕಾಣುವಂತೆಯೂ ಕೇಳಿ, ಮನೆಗೆ ಬಂದ ಪ್ಯಾನೆಲ್‌ನೊಂದಿಗೆ ತಾಳೆ ನೋಡಿದ ಮೇಲೆಯೇ ತಾರಸಿಗೆ ಏರಿಸಬೇಕು, ಏಕೆಂದರೆ ಸ್ಟ್ಯಾಂಡಿಗೆ ಬೋಲ್ಟ್ ಹಾಕಿದ ಮೇಲೆ ಲೇಬಲ್ ಕೆಳಮುಖವಾಗಿ ಮರೆಯಾಗುತ್ತದೆ.

ಬ್ಯಾಟರಿಯ ಲೇಬಲ್ಲಿನಲ್ಲಿಯೂ ದೊಡ್ಡ ಅಂಕಿಯ ಪಕ್ಕದ ಚಿಕ್ಕ ಅಕ್ಷರಗಳನ್ನು ಬಿಡಬಾರದು. `150Ah @ C20` ಎಂದಿದ್ದರೆ, 7.5 ಆಂಪಿಯರ್‌ನಂತೆ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ತೆಗೆದಾಗ ಮಾತ್ರ 150 ಸಿಗುತ್ತದೆ. `C10` ಎಂದಿರುವ ಸೋಲಾರ್ ಬ್ಯಾಟರಿ ಅಷ್ಟನ್ನೇ ಹತ್ತು ಗಂಟೆಯಲ್ಲಿ, ಅಂದರೆ 15 ಆಂಪಿಯರ್‌ನಂತೆ ಕೊಡುತ್ತದೆ. ಆದ್ದರಿಂದ ಒಂದೇ ಅಂಕಿ ಇದ್ದರೂ ಎರಡನೆಯದೇ ನಿಜವಾಗಿ ದೊಡ್ಡ ಬ್ಯಾಟರಿ, ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಅಕ್ಕನ ಮನೆಯದು `C20`.

ಅಂಗಡಿಯವರನ್ನು ಕೇಳಿದಾಗ, ಬಿಲ್ಲಿನಲ್ಲಿ 330 ವಾಟ್ ಎಂದಿದೆ, ಕೊಟ್ಟಿರುವುದೂ 330 ವಾಟ್, ಒಮ್ಮೆ ಕೂರಿಸಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟರು. ಬ್ಯಾಟರಿಗೆ ಹೊಂದುತ್ತದೆಯೇ ಎಂದು ಕೇಳಿದ್ದಕ್ಕೆ ಕೊಟ್ಟ ಉತ್ತರದ ಮಾತೇ ಎತ್ತಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಹೀಗಾಗಿ ನೀವು ಬಿಲ್ಲು ಬರೆಸುವಾಗ ವಾಟಿನ ಜೊತೆಗೆ ಪ್ಯಾನೆಲ್‌ನ `Vmp` ಮತ್ತು `Voc`, ಕಂಟ್ರೋಲರ್‌ನ ಜಾತಿ, ಅದು 12 ವೋಲ್ಟಿನ ಬ್ಯಾಟರಿಗೆಂದೇ ಕೊಟ್ಟದ್ದು ಎಂಬ ಮಾತು, ಇಷ್ಟನ್ನೂ ಬರೆಸಿಕೊಳ್ಳಿ.

ಕೊನೆಗೆ ಪ್ಯಾನೆಲನ್ನು ಉಳಿಸಿಕೊಂಡು, ಬೇರೆ ಕಡೆಯಿಂದ 100 ವೋಲ್ಟ್ ತಡೆಯುವ, 30 ಆಂಪಿಯರ್‌ನ ಎಂಪಿಪಿಟಿ ಕಂಟ್ರೋಲರ್ ತರಿಸಿ ಹಾಕಿದೆವು. ಕರೆಂಟಿನ ಚಾರ್ಜಿಂಗನ್ನೂ ಮತ್ತೆ ಶುರುಮಾಡಿದೆವು. ಬ್ಯಾಟರಿಯನ್ನು ದೀರ್ಘಕಾಲ ನಿಧಾನವಾಗಿ ಚಾರ್ಜ್ ಮಾಡಿದ ಮೇಲೆ ಐದು ಸೆಲ್ಲುಗಳು 1.220ರವರೆಗೆ ಚೇತರಿಸಿಕೊಂಡವು, ಒಂದು 1.180ರಲ್ಲಿಯೇ ನಿಂತಿತು. ಅರೆತುಂಬಿದ ಸ್ಥಿತಿಯಲ್ಲಿ ಬಹಳ ದಿನ ಇಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದನ್ನು ಪೂರ್ತಿ ಬಿಡಿಸಲಾಗುವುದಿಲ್ಲ.

ಎರಡು ಬ್ಯಾಟರಿಯ 24 ವೋಲ್ಟಿನ ಇನ್ವರ್ಟರ್ ಇರುವವರಿಗೆ ಇದೇ 72 ಸೆಲ್ಲಿನ ಪ್ಯಾನೆಲ್ ಸಾಧಾರಣ ಕಂಟ್ರೋಲರ್‌ನೊಂದಿಗೂ ಚೆನ್ನಾಗಿ ಹೊಂದುತ್ತದೆ. ಆದರೆ ಅವರು `Voc` ಸಾಲನ್ನು ನೋಡಲೇಬೇಕು. ಅಗ್ಗದ ಅನೇಕ ಕಂಟ್ರೋಲರ್‌ಗಳು ತಡೆಯುವುದು 50 ವೋಲ್ಟ್ ಮಾತ್ರ, ಈಗ ಬರುವ 540 ವಾಟಿನ ಪ್ಯಾನೆಲ್‌ಗಳಲ್ಲಿ `Voc` 49.5ರ ಆಸುಪಾಸಿನಲ್ಲಿರುತ್ತದೆ. ಲೇಬಲ್ಲಿನ ಆ ಅಂಕಿ 25 ಡಿಗ್ರಿ ಉಷ್ಣಾಂಶದ್ದು. ಚಳಿ ಹೆಚ್ಚಿದಷ್ಟೂ ವೋಲ್ಟೇಜ್ ಏರುತ್ತದೆ. ಡಿಸೆಂಬರಿನಲ್ಲಿ ಶಿರಸಿಯ ಬೆಳಗು 15 ಡಿಗ್ರಿಗೆ ಇಳಿದಾಗ ಅದು ಸುಮಾರು 50.8 ಆಗುತ್ತದೆ, ಮತ್ತು ಆ ಕಂಟ್ರೋಲರ್ ಸುಟ್ಟುಹೋಗಲು ಅಂಥ ಒಂದು ಬೆಳಗು ಸಾಕಾಗಬಹುದು.