ಮೂರು ದಾಳ, ಎರಡು ದಾಳ: ಆಕ್ರಮಣಕ್ಕೆ ಮೊದಲು ಯಾವ ಲೆಕ್ಕ?

ಈ ಮಳೆಗಾಲದಲ್ಲಿ ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ಬಹುತೇಕ ಸಂಜೆಗಳು, ಭೂಪಟದ ಮೇಲೆ ಸೈನಿಕರನ್ನಿಟ್ಟು ದಾಳ ಹಾಕಿ ದೇಶಗಳನ್ನು ಗೆಲ್ಲುವ ರಿಸ್ಕ್ ಆಟದಲ್ಲೇ ಕಳೆದವು. ದಾಳ ಹಾಕುವ ಮೊದಲು ಗೆಲುವನ್ನು ಅಂದಾಜು ಮಾಡಲು ಮೂರು ದಾರಿಗಳನ್ನು ಆಡಿ ನೋಡಿದೆ.

ಮೊದಲನೆಯದು ನನ್ನ ಭಾವನ ದಾರಿ: ತಲೆ ಎಣಿಸುವುದು. ನಮ್ಮವರು ಹೆಚ್ಚಿದ್ದರೆ ನುಗ್ಗುವುದು. ಇದರಲ್ಲಿ ಮೊದಲ ತಪ್ಪು ಎಣಿಕೆಯಲ್ಲೇ ಇದೆ. ಒಬ್ಬ ಸೈನಿಕ ನಮ್ಮ ನೆಲದಲ್ಲೇ ಉಳಿಯಬೇಕು. ನಾಲ್ವರಿದ್ದರೆ ಹೋರಾಡುವವರು ಮೂವರೇ.

ಎರಡನೆಯದು ಸರಾಸರಿಯ ಲೆಕ್ಕ. ಆಕ್ರಮಣಕ್ಕೆ ಮೂರು ದಾಳ, ರಕ್ಷಣೆಗೆ ಎರಡು, ಸಮ ಬಿದ್ದರೆ ರಕ್ಷಕನಿಗೆ ಜಯ. ಹೀಗೆ ಆಡುತ್ತ ಹೋದರೆ ಒಬ್ಬ ರಕ್ಷಕನನ್ನು ಉರುಳಿಸಲು ಸರಾಸರಿ 0.85 ಸೈನಿಕರು ಖರ್ಚಾಗುತ್ತಾರೆ. ಮನಸ್ಸಿನಲ್ಲೇ ಮಾಡಬಹುದಾದ್ದರಿಂದ ನನಗೆ ಇದೇ ಪ್ರಿಯವಾಗಿತ್ತು.

ಒಂದು ಸಂಜೆ ಸಯಾಮ್‌ನಲ್ಲಿ ನನ್ನವರು ನಾಲ್ವರು, ಇಂಡೋನೇಷ್ಯಾದಲ್ಲಿ ಭಾವನವರು ಇಬ್ಬರು. ಸರಾಸರಿಯ ಪ್ರಕಾರ ಖರ್ಚು 1.7, ಹೋರಾಡಲು ಮೂವರಿದ್ದಾರೆ, ಸಾಕು ಎಂದುಕೊಂಡೆ. ಮೊದಲ ಗರಕ್ಕೇ ಇಬ್ಬರನ್ನು ಕಳೆದುಕೊಂಡೆ. ಅದೇ ಸ್ಥಿತಿಯನ್ನು ಮತ್ತೆ ಮತ್ತೆ ಹೂಡಿ ಆಡಿದೆವು. ನಾನು ನೆನೆಸಿದ್ದಕ್ಕಿಂತ ಹೆಚ್ಚು ಸಲ ಸೋತೆ.

ಆಗ ಮೂರನೆಯ ದಾರಿ ಹಿಡಿದೆ: ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುವುದು. ಒಬ್ಬನಿಗೆ ಒಬ್ಬ ಎದುರಾದರೆ ಆಕ್ರಮಣಕಾರನ ಗೆಲುವು 42%. ಇಬ್ಬರು ಒಬ್ಬನ ಮೇಲೆ ಹೋದರೆ 75%, ಒಬ್ಬ ಇಬ್ಬರ ಮೇಲೆ ಹೋದರೆ ಬರೀ 11%. ಈಗ ನನ್ನ ಮೂವರು, ಭಾವನ ಇಬ್ಬರು. ಮೊದಲ ಗರದಲ್ಲೇ ಅವನ ಇಬ್ಬರೂ ಬೀಳುವ ಸಾಧ್ಯತೆ 37%. ಎರಡೂ ಕಡೆ ಒಬ್ಬೊಬ್ಬ ಬೀಳುವುದು 34%. ಅದರ ಮುಕ್ಕಾಲು ಭಾಗ ನನಗೆ ಒಲಿಯುತ್ತದೆ, ಅಂದರೆ ಸುಮಾರು 25. ನನ್ನ ಇಬ್ಬರೇ ಬೀಳುವುದು 29%. ಅದರಿಂದ ನನಗೆ ದಕ್ಕುವುದು ಸುಮಾರು 3. ಕೂಡಿಸಿದರೆ 65ರ ಮೇಲೆ ಸ್ವಲ್ಪ. ಮೂರಕ್ಕೆ ಒಂದು ಸಲ ಸೋಲು ಖಚಿತ ಎಂದ ಹಾಗೆ!

ಸರಾಸರಿ ಇಲ್ಲಿ ಏಕೆ ಮೋಸ ಮಾಡುತ್ತದೆ? ಅದು ಮೂರು ದಾಳ ಯಾವಾಗಲೂ ಕೈಯಲ್ಲಿರುತ್ತವೆ ಎಂದು ನಂಬಿಕೊಂಡಿದೆ. ಮೂವರಲ್ಲಿ ಒಬ್ಬ ಬಿದ್ದ ಕ್ಷಣವೇ ಒಂದು ದಾಳ ಹೋಗುತ್ತದೆ, ಎದುರಿಗೆ ಇನ್ನೂ ಇಬ್ಬರಿದ್ದರೆ ಅದರೊಂದಿಗೆ ನಮ್ಮ ಮೇಲುಗೈಯೂ ಹೋಗುತ್ತದೆ. ಹತ್ತು ಹನ್ನೆರಡು ಮಂದಿ ಇದ್ದಾಗ ಕೊನೆಯ ಹಂತದವರೆಗೂ ಮೂರು ದಾಳ ಉಳಿಯುವುದರಿಂದ ಸರಾಸರಿಯೇ ಸಾಕು. ಕಾಗದ ಹಿಡಿದು ಕೂತರೆ ಉಳಿದವರ ತಾಳ್ಮೆ ಕೆಡುತ್ತದೆ. ಆದರೂ ಸರಾಸರಿ ಹೇಳಿದಷ್ಟೇ ಜನರಿದ್ದರೆ ಗೆಲುವು ಅರ್ಧಕ್ಕರ್ಧದ ಆಸುಪಾಸು ಎಂಬುದು ನೆನಪಿರಬೇಕು. ನಾನು ಅದರ ಮೇಲೆ ಮೂವರನ್ನು ಸೇರಿಸಿಕೊಳ್ಳುತ್ತೇನೆ.

ಐವರಿಗಿಂತ ಕಡಿಮೆ ಇದ್ದರೆ ನನ್ನ ಆಯ್ಕೆ ಮೂರನೆಯದೇ. ಮೂವರಿಗೆ ಮೂವರು ಎದುರಾದರೆ 47% ಮಾತ್ರ, ಹಾಗಾಗಿ ಈಗ ದಾಳ ಮುಟ್ಟುವುದಿಲ್ಲ. ಮುಂದಿನ ಸರದಿಗೆ ಹೋರಾಡುವವರನ್ನು ಐವರಾಗಿಸಿಕೊಂಡರೆ, ಅಷ್ಟರಲ್ಲಿ ಭಾವ ತನ್ನ ಮೂವರಿಗೆ ಇನ್ನಾರನ್ನೂ ಸೇರಿಸದಿದ್ದರೆ, ಅದು 77%ಕ್ಕೆ ಏರುತ್ತದೆ.