ದರ್ಪಣ ಸುಂದರಿಗೆ ಮಾಸ್ಕ್: ಬೆರಳೋ, ಪೆನ್ನೋ?

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಸೂರಿನ ನೆರಳಿನಲ್ಲಿ ನಿಂತವರು. ಹಾಸನದಿಂದ ಹೋಗಿ ನಡುಮಧ್ಯಾಹ್ನ ಫೋಟೊ ತೆಗೆದರೆ ಹೊರಗಿನ ಬೆಳಕಿನ ಮುಂದೆ ವಿಗ್ರಹ ಮಂಕಾಗುತ್ತದೆ. ವಿಗ್ರಹವನ್ನಷ್ಟೇ ಬೆಳಗಿಸಲು ಅದರ ಮೇಲೆ ಮಾಸ್ಕ್, ಅಂದರೆ ತಿದ್ದುವ ಜಾಗದ ಗುರುತು, ಬಳಿಯಬೇಕು. ದರ್ಪಣ ಸುಂದರಿಯ ಒಂದೇ ಚಿತ್ರವನ್ನು ಮೊಬೈಲಿನ ಫೋಟೊ ತಿದ್ದುವ ಆ್ಯಪ್ ಲೈಟ್‌ರೂಮ್‌ನಲ್ಲಿ ಬೆರಳಿನಿಂದಲೂ, ಒಟಿಜಿ ಕೇಬಲ್ ಮೂಲಕ ಜೋಡಿಸಿದ, ಪರದೆಯಿಲ್ಲದ ಚಿಕ್ಕ ಗ್ರಾಫಿಕ್ಸ್ ಟ್ಯಾಬ್ಲೆಟ್ಟಿನ ಪೆನ್ನಿನಿಂದಲೂ ಬಳಿದು ನೋಡಿದೆ.

ಮೊದಲು ಬೆರಳು. ಮುಂಡ, ತೊಡೆಯಂತಹ ಅಗಲ ಭಾಗಗಳಿಗೆ ಇದನ್ನು ಮೀರಿದ್ದಿಲ್ಲ. ದೊಡ್ಡ ಬ್ರಷ್ಷಿನಲ್ಲಿ ಕ್ಷಣದಲ್ಲಿ ಮುಗಿಯುತ್ತದೆ. ತೊಂದರೆ ಶುರುವಾಗುವುದು ಕನ್ನಡಿ ಹಿಡಿದ ಕೈಯ ಬಳೆಗಳಲ್ಲಿ. ನನ್ನ ಚಿತ್ರದ ಅಗಲ 3000 ಪಿಕ್ಸೆಲ್, ಪರದೆಯದು ಸುಮಾರು 7 ಸೆಂಟಿಮೀಟರ್. ಬೆರಳ ತುದಿ ಒಂದು ಸೆಂಟಿಮೀಟರ್ ಮುಚ್ಚಿತೆಂದರೂ ಅದರಡಿ 430 ಪಿಕ್ಸೆಲ್ ಅಡಗುತ್ತವೆ. ನಾಲ್ಕು ಪಟ್ಟು ಜೂಮ್ ಮಾಡಿದ ಮೇಲೂ ನೂರಕ್ಕೆ ಮಿಕ್ಕಿ ಉಳಿಯುತ್ತವೆ. ಬಳೆ ಇರುವುದು ನಲವತ್ತು ಪಿಕ್ಸೆಲ್ಲಿನಷ್ಟು. ಬಣ್ಣ ಎಲ್ಲಿ ಬೀಳುತ್ತಿದೆ ಎಂಬುದು ಬೆರಳೆತ್ತಿದ ಮೇಲೆಯೇ ತಿಳಿಯುತ್ತದೆ.

ಆದರೂ ಜೂಮ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಬ್ರಷ್ಷಿನ ಗಾತ್ರ ಪರದೆಯ ಮೇಲೆ ಬದಲಾಗುವುದಿಲ್ಲ. ಚಿತ್ರ ಹಿಗ್ಗಿದಷ್ಟೂ ಅದು ಚಿತ್ರಕ್ಕೆ ಚಿಕ್ಕದಾಗುತ್ತದೆ. ಹಾಗಾಗಿ ಬೆರಳಿಗೆ ನನ್ನ ಕ್ರಮ: ಬ್ರಷ್ಷನ್ನು ಮಧ್ಯಮದಲ್ಲಿಟ್ಟು ಜೂಮನ್ನೇ ಏರಿಸುವುದು, ಅಂಚಿನಿಂದ ತುಸು ಒಳಗೇ ನಿಲ್ಲಿಸುವುದು, ಹೊರಗೆ ಚೆಲ್ಲಿದ್ದನ್ನು ಅಳಿಸುವ ಬ್ರಷ್ಷಿನಿಂದ ಹೊರಗಿನಿಂದಲೇ ಸವರುವುದು. ಬ್ರಷ್ಷಿನ ಅಂಚನ್ನು ಮೆದುವಾಗಿಸುವ ಫೆದರ್ ಕಡಿಮೆ ಇರಲಿ. ಇಲ್ಲದಿದ್ದರೆ ಬಳೆಯ ಸುತ್ತ ಬೆಳಕಿನ ಬೂದು ಬಳೆಯೊಂದು ಉಚಿತವಾಗಿ ಸಿಗುತ್ತದೆ.

ಪೆನ್ನಿನಲ್ಲಿ ಕೈ ಒಂದೆಡೆ, ಕಣ್ಣು ಇನ್ನೊಂದೆಡೆ; ಪರದೆಗೆ ಏನೂ ಅಡ್ಡವಿಲ್ಲ. ಇಷ್ಟಕ್ಕೇ ಅದು ಗೆದ್ದಿತೆಂದು ಹೇಳಲಾರೆ. ಮೊಬೈಲನ್ನು ಉದ್ದಕ್ಕೆ ಹಿಡಿದಾಗ ನನ್ನ ಟ್ಯಾಬ್ಲೆಟ್ಟಿನ ಒಂದು ಪಟ್ಟಿ ಮಾತ್ರ ಕೆಲಸ ಮಾಡಿತು. ಅದರ 10 ಸೆಂಟಿಮೀಟರ್ ಎತ್ತರ ಪರದೆಯ 15 ಸೆಂಟಿಮೀಟರ್ ಉದ್ದಕ್ಕೆ ಹಂಚಿಹೋಗಿ, ಕೈಯ ನಡುಕವೂ ಒಂದೂವರೆ ಪಟ್ಟಾಯಿತು. ಬಳೆಯ ಅಂಚು ಹಲ್ಲುಹಲ್ಲಾಗಿ ಬಂದಿತು. ಮೊಬೈಲನ್ನು ಅಡ್ಡ ತಿರುಗಿಸಿದ ಮೇಲೆ ಅಳತೆ ಹೆಚ್ಚುಕಡಿಮೆ ಸಮನಾಗಿ ಗೆರೆ ನೆಟ್ಟಗಾಯಿತು. ನಿಂತ ವಿಗ್ರಹ ಅಡ್ಡ ಪರದೆಯಲ್ಲಿ ಕುಗ್ಗುತ್ತದೆ ನಿಜ, ಆದರೆ ಹೇಗೂ ಜೂಮ್ ಮಾಡಿಯೇ ಬಳಿಯುವುದರಿಂದ ನಷ್ಟವಿಲ್ಲ. ಕಿರಿಕಿರಿ ಬೇರೊಂದಿದೆ: ಪೆನ್ನಿಗೆ ಎರಡು ಬೆರಳಿನ ಜೂಮ್ ಬಾರದು, ಪ್ರತಿ ಸಲವೂ ಎಡಗೈಯನ್ನು ಪರದೆಗೆ ತರಬೇಕು.

ಯಾವುದರಲ್ಲಿ ಬಳಿದರೂ ಮಾಸ್ಕ್ ಬಿದ್ದ ಜಾಗ ತೋರಿಸುವ ಕೆಂಪು ಹೊದಿಕೆಯನ್ನು ಒಮ್ಮೆ ಪೂರ್ತಿ ಚಿತ್ರದಲ್ಲಿ, ಒಮ್ಮೆ ಜೂಮ್ ಮಾಡಿ ನೋಡುತ್ತೇನೆ. ಹತ್ತಿರದಲ್ಲಿ ಅಚ್ಚುಕಟ್ಟಾಗಿ ಕಂಡ ಅಂಚಿನ ಬೆಳಕುಂಗುರ ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ಕೊನೆಗೆ ನಾನು ಉಳಿಸಿಕೊಂಡದ್ದು ಎರಡನ್ನೂ. ಬೇಲೂರಿನಿಂದ ಹಾಸನಕ್ಕೆ ಬರುವ ಬಸ್ಸಿನಲ್ಲೇ ಒಳಮೈಯನ್ನು ಬೆರಳಿನಿಂದ ಬಳಿದು ಮುಗಿಸಬಹುದು. ಬಳೆ, ಬೆರಳು, ಕನ್ನಡಿಯ ಅಂಚುಗಳಿಗೆ ಮಾತ್ರ ಮನೆಯ ಮೇಜು ಮತ್ತು ಪೆನ್ನು ಬೇಕು. ಇಂತಹ ಸೂಕ್ಷ್ಮ ಅಂಚಿನ ಚಿತ್ರಗಳನ್ನು ಅಪರೂಪಕ್ಕೆ ತಿದ್ದುವವರು ಟ್ಯಾಬ್ಲೆಟ್ಟಿಗೆ ದುಡ್ಡು ಹಾಕುವುದು ಬೇಡ.