ಸೂರ್ಯಕಾಂತಿಯೋ, ಕಡಲೆಕಾಯಿ ಎಣ್ಣೆಯೋ?

ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 60 ಪಾಲು ಲಿನೋಲಿಕ್ ಆಮ್ಲ, ಅಂದರೆ ಒಮೆಗಾ 6 ಬಗೆಯ ಕೊಬ್ಬಿನಾಮ್ಲ. ಕಡಲೆಕಾಯಿ ಎಣ್ಣೆಯಲ್ಲಿ ಅದರ ಅರ್ಧದಷ್ಟು. ಈ ಒಮೆಗಾ 6 ಉರಿಯೂತಕ್ಕೆ ಕಾರಣ ಎನ್ನುವವರ ತರ್ಕ ಹೀಗಿದೆ: ದೇಹ ಲಿನೋಲಿಕ್ ಆಮ್ಲವನ್ನು ಅರಾಕಿಡೋನಿಕ್ ಆಮ್ಲವಾಗಿ ಬದಲಿಸುತ್ತದೆ, ಅದರಿಂದ ಉರಿಯೂತ ಹೆಚ್ಚಿಸುವ ವಸ್ತುಗಳು ಹುಟ್ಟುತ್ತವೆ. ದಾರಿ ನಿಜ, ಆದರೆ ಬಲು ಇಕ್ಕಟ್ಟು. ಲಿನೋಲಿಕ್ ಹೆಚ್ಚು ತಿಂದರೂ ರಕ್ತದಲ್ಲಿ ಅರಾಕಿಡೋನಿಕ್ ಅಷ್ಟಾಗಿ ಏರುವುದಿಲ್ಲ. ಆರೋಗ್ಯವಂತರ ಮೇಲಿನ ಪ್ರಯೋಗಗಳಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಕೂಡ ಏರಿದ್ದು ಕಂಡಿಲ್ಲ. ಹಾಗಾಗಿ ಒಗ್ಗರಣೆಗೆ, ಪಲ್ಯಕ್ಕೆ ಸೂರ್ಯಕಾಂತಿ ಬಳಸಲು ಹೆದರಬೇಕಿಲ್ಲ.

ವ್ಯತ್ಯಾಸ ಕಾಣುವುದು ಬಾಣಲೆಯಲ್ಲಿ. ಲಿನೋಲಿಕ್ ಬಿಸಿಗೆ ಬೇಗ ಕೆಡುತ್ತದೆ. ಬೋಂಡ ಕರಿದ ಸೂರ್ಯಕಾಂತಿ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಬಣ್ಣ ಕಪ್ಪಾಗಿ, ಅಂಟಂಟಾಗಿ, ನೊರೆ ಕೂತುಬಿಡುತ್ತದೆ, ಬೇಗ ಹೊಗೆಯಾಡುತ್ತದೆ. ಆಗ ಚೆಲ್ಲಲೇಬೇಕು. ಕರಿಯಲು ಕಡಲೆಕಾಯಿ ಎಣ್ಣೆಯೇ ವಾಸಿ, ಅದನ್ನೂ ಪದೇ ಪದೇ ಕಾಯಿಸಬೇಡಿ.

ಒಂದು ಕೊರತೆ ಎರಡಕ್ಕೂ ಇದೆ: ದೇಹಕ್ಕೆ ಬೇಕಾದ ಇನ್ನೊಂದು ಬಗೆಯ ಕೊಬ್ಬಿನಾಮ್ಲವಾದ ಒಮೆಗಾ 3 ಇಲ್ಲವೆನ್ನುವಷ್ಟು ಕಡಿಮೆ. ಎಣ್ಣೆ ಬದಲಿಸಿ ಅದನ್ನು ತುಂಬಲಾಗದು. ಉತ್ತರ ಕರ್ನಾಟಕದ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ, ದಿನಕ್ಕೊಂದು ಚಮಚ, ಇಲ್ಲವೇ ವಾರಕ್ಕೆರಡು ಸಲ ಬೂತಾಯಿ, ಬಂಗುಡೆ ತಿಂದರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ.